ಮಳೆಗಾಲದಲ್ಲಿ ಚರ್ಮದ ಬೂಟನ್ನು ತೊಳೆಯಲು ಕೊಡುವ ಮೊದಲು ಇದನ್ನು ಓದಿ

ಬೆಳಗಾವಿಯ ಮಳೆಗಾಲದಲ್ಲಿ ಬೂಟಿಗೆ ಬೂಷ್ಟು ಹಿಡಿಯುವುದು ಹೊಸದೇನಲ್ಲ. ಆದರೆ ಅದನ್ನು ತೆಗೆದುಕೊಡುತ್ತೇವೆಂದು ದುಡ್ಡು ತೆಗೆದುಕೊಂಡು ಬೂಟನ್ನೇ ಹಾಳು ಮಾಡಿದರೆ ಸುಮ್ಮನಿರಲು ನನ್ನಿಂದ ಸಾಧ್ಯವಿಲ್ಲ. ನನ್ನ ಕಪ್ಪು ಚರ್ಮದ ಬೂಟು ಮತ್ತು ಮಗನ ಶಾಲೆಯ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ನಗರದ ಒಂದು ಅಂಗಡಿಗೆ ಕೊಟ್ಟಿದ್ದೆ. "ಚರ್ಮಕ್ಕ ಬ್ಯಾರೆ, ಬಟ್ಟಿಗೆ ಬ್ಯಾರೆ ಮಾಡತೇವ್ರಿ, ವಾಸನಿ ಪೂರ್ತಿ ಹೋಗತೈತಿ" ಎಂದು ಅವರೇ ಹೇಳಿದ್ದರು.

ಮರಳಿ ಬಂದಾಗ ಎರಡೂ ಜೋಡಿ ಮಿನುಗುತ್ತಿದ್ದವು, ಮಲ್ಲಿಗೆಯ ಸುಗಂಧ ಘಮ್ಮೆನ್ನುತ್ತಿತ್ತು. ಮನೆಯಲ್ಲಿ ಚರ್ಮದ ಬೂಟಿನ ಒಳಹಾಸನ್ನು ಎತ್ತಿ ಬೆರಳಿಟ್ಟಾಗ ಅಡಿಯೆಲ್ಲ ತಣ್ಣಗೆ, ಒದ್ದೆಯಾಗಿಯೇ ಇತ್ತು. ಹೊರಗೆ ಮಾತ್ರ ಚರ್ಮ ರಟ್ಟಿನಂತೆ ಬಿರುಸಾಗಿತ್ತು, ಹೆಜ್ಜೆ ಮಡಚುವ ಜಾಗದಲ್ಲಿ ಸೀಳುಗಳು ಮೂಡಿದ್ದವು, ಅಟ್ಟೆಯ ಅಂಟು ತುದಿಯಲ್ಲಿ ಬಿಟ್ಟಿತ್ತು. ಮೋಸ ಹೋದೆನೆಂಬುದು ತಿಳಿದದ್ದು ಆ ಕ್ಷಣದಲ್ಲಿ. ಸುಗಂಧ ಆರಿದ ಮೇಲೆ ಹಳೆಯ ನಾತವೇ ಮರಳಿತು, ಅದೂ ಕಚೇರಿಯಲ್ಲಿ ನಾಲ್ಕು ಜನರ ನಡುವೆ. ಬಿಳಿ ಕ್ಯಾನ್ವಾಸಿನ ಮೇಲಂತೂ ರಬ್ಬರಿನ ಅಂಚಿನುದ್ದಕ್ಕೂ ಹಳದಿ ಕಲೆ ಎದ್ದಿತ್ತು.

ಕೇಳಲು ಹೋದರೆ ಮಾಲೀಕರ ಉತ್ತರ, "ನಿಮ್ಮ ಬೂಟು ಹಳೇದಿತ್ತರೀ, ಮಳಿಗಾಲದಾಗ ಎಲ್ಲಾರದ್ದೂ ಹಿಂಗ ಆಗತೈತಿ." ಕೊಡುವಾಗ ಸೀಳು ಇರಲಿಲ್ಲವಲ್ಲ ಎಂದರೆ, "ಪಾವತಿ ಹಿಂದ ಓದ್ರಿ, ಜವಾಬ್ದಾರಿ ನಮ್ಮದಲ್ಲಂತ ಐತಿ." ಅಷ್ಟರಲ್ಲಿ ಕೆಲಸದ ಹುಡುಗ, ಎಲ್ಲವನ್ನೂ ಒಂದೇ ಯಂತ್ರಕ್ಕೆ ಹಾಕಿ ಬಿಸಿಗಾಳಿಯಲ್ಲಿ ಒಣಗಿಸುತ್ತೇವೆಂದು ಹೇಳಿಬಿಟ್ಟ. ಬ್ಯಾರೆ ಬ್ಯಾರೆ ಎಂದಿದ್ದೇನಾಯಿತು? ಅದಕ್ಕೆ ಮಾತ್ರ ಉತ್ತರವಿಲ್ಲ!

ಚರ್ಮದೊಳಗಿನ ಎಣ್ಣೆಯಂಶವೇ ಅದನ್ನು ಮೆತ್ತಗಿಡುವುದು. ಸೋಪಿನ ನೀರಿನಲ್ಲಿ ನೆನೆಸಿದರೆ ಅದು ತೊಳೆದುಹೋಗುತ್ತದೆ, ಮೇಲೆ ಬಿಸಿಗಾಳಿ ತಗುಲಿದರೆ ಚರ್ಮ ಕುಗ್ಗಿ ಗಡುಸಾಗುತ್ತದೆ. ನಾತ ಬರುವುದು ಬೆವರನ್ನು ತಿನ್ನುವ ಸೂಕ್ಷ್ಮಜೀವಿಗಳಿಂದ, ಬೂಷ್ಟು ಬೆಳೆಯುವುದು ತೇವದಿಂದ. ಒಳಹಾಸು ಒದ್ದೆ ಉಳಿದರೆ ಎರಡೂ ಮರಳುತ್ತವೆ, ಎಷ್ಟೇ ಸುಗಂಧ ಹೊಡೆದರೂ.

ಆದ್ದರಿಂದ ಚರ್ಮದ ಬೂಟನ್ನು ಮನೆಯಲ್ಲಿಯೇ ನೋಡಿಕೊಳ್ಳಿ. ಬೂಷ್ಟಿನ ಪುಡಿ ಮನೆಯೊಳಗೆ ಹಾರದಂತೆ ಹೊರಗೆ ನಿಂತು ಒಣ ಬಟ್ಟೆಯಿಂದ ಒರೆಸಿ, ನಂತರ ಬಿಳಿ ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಮೊದಲು ಕಾಣದ ಜಾಗದಲ್ಲಿ ಒಮ್ಮೆ ಒರೆಸಿ ಬಣ್ಣ ಬಿಡುವುದೇ ಎಂದು ನೋಡುವುದು ಒಳ್ಳೆಯದು. ಒಳಹಾಸನ್ನು ಹೊರತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ತೇವವಾದಂತೆಲ್ಲ ಬದಲಿಸುತ್ತ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಚರ್ಮದ ಕ್ರೀಮು ಹಚ್ಚಿ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಚರ್ಮದ ಚಪ್ಪಲಿಗಳನ್ನಂತೂ ನೀರಿನಲ್ಲಿ ಅದ್ದಲೇಬೇಡಿ.

ಕ್ಯಾನ್ವಾಸನ್ನು ಧಾರಾಳವಾಗಿ ತೊಳೆಯಬಹುದು. ಆದರೆ ಲೇಸು, ಒಳಹಾಸು ತೆಗೆದು, ಬ್ಲೀಚ್ ಬಳಸದೆ, ಸೋಪಿನ ನೊರೆ ಸ್ವಲ್ಪವೂ ಉಳಿಯದಂತೆ ಜಾಲಿಸಬೇಕು, ಉಳಿದರೆ ಒಣಗುವಾಗ ಹಳದಿಯಾಗುತ್ತದೆ. ಅಂಗಡಿಗೆ ಕೊಡಲೇಬೇಕೆಂದರೆ ಕೊಡುವ ಮೊದಲೇ ಬೂಟಿನ ಫೋಟೊ ತೆಗೆದಿಟ್ಟುಕೊಳ್ಳಿ, ಮರಳಿ ಪಡೆಯುವಾಗ ಒಳಹಾಸು ಎತ್ತಿ ಬೆರಳಿಟ್ಟು ನೋಡಿಯೇ ಹಣ ಕೊಡಿ.