ಜಿಫ್ ಹುಡುಕಾಟ: ನೇರ ಆ್ಯಪ್, ಟೆಲಿಗ್ರಾಮ್, ಸಿಗ್ನಲ್

ಚಾಟ್‌ನಲ್ಲಿ ನಾವು ಹುಡುಕುವ ಜಿಫ್‌ಗಳು ಹೆಚ್ಚಾಗಿ ಜಿಫಿ, ಟೆನರ್ ಥರದ ಹೊರಗಿನ ಸೇವೆಗಳಿಂದ ಬರುತ್ತವೆ. ಹುಡುಕಿದ ಪದ ಅವರಿಗೆ ಹೋಗದೆ ಜಿಫ್ ಸಿಗೋದಿಲ್ಲ. ಆದರೆ ಪದದ ಜೊತೆಗೆ ಹುಡುಕಿದವರು ಯಾರು ಅನ್ನೋದೂ ಹೋಗುತ್ತದಾ? ‘ಪ್ರೆಗ್ನೆಂಟ್’ ಅನ್ನೋ ಒಂದೇ ಪದ ಇಟ್ಟುಕೊಂಡು ಮೂರು ಕಡೆ ಹುಡುಕಿ ನೋಡಿದೆ.

ಮೊದಲು, ಜಿಫಿಯನ್ನು ನೇರವಾಗಿ ಕೇಳುವ ಒಂದು ಚಾಟ್ ಆ್ಯಪ್. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ Network ತೆರೆದಿಟ್ಟು ಟೈಪ್ ಮಾಡಿದೆ. ಪದ ಮುಗಿಯುವ ಮೊದಲೇ ಇಂಥ ಕೋರಿಕೆಗಳು ಹೊರಟವು:

```
/v1/gifs/search?api_key=…&q=preg&limit=25
/v1/gifs/search?api_key=…&q=pregnant&limit=25
```

api_key ನೋಡಿದರೆ ಯಾವ ಆ್ಯಪ್ ಅಂತ ಗೊತ್ತಾಗುತ್ತದೆ. ಕೋರಿಕೆ ನನ್ನ ಕಂಪ್ಯೂಟರ್‌ನಿಂದಲೇ ಹೋಗುವುದರಿಂದ ಐಪಿ ವಿಳಾಸ, ಸಮಯ ಎರಡೂ ಸಿಗುತ್ತವೆ. ಆಮೇಲೆ ಪದ ಅಳಿಸಿ, ಏನೂ ಕಳಿಸದೆ ಮುಚ್ಚಿದೆ. ಅಷ್ಟರಲ್ಲಿ ಪದ ಆಗಲೇ ತಲುಪಿಯಾಗಿತ್ತು. ಇನ್ನೊಂದು ವಿಷಯ ಜಾಸ್ತಿ ಜನರ ಗಮನಕ್ಕೆ ಬರೋದಿಲ್ಲ: ಆ್ಯಪ್ ಜಿಫ್‌ನ ಲಿಂಕ್ ಮಾತ್ರ ಕಳಿಸಿದರೆ, ಅದನ್ನು ತೆರೆಯುವ ಗೆಳೆಯರ ಐಪಿ ಕೂಡ ಜಿಫಿಗೆ ಕಾಣುತ್ತದೆ. ಫೈಲನ್ನೇ ಕಳಿಸುವ ಆ್ಯಪ್‌ನಲ್ಲಿ ಈ ತೊಂದರೆ ಇಲ್ಲ.

ಟೆಲಿಗ್ರಾಮ್‌ನಲ್ಲಿ @gif ಅಂತ ಹಾಕಿ ಪದ ಬರೆದರೆ ಅದು ಮೊದಲು ಟೆಲಿಗ್ರಾಮ್ ಸರ್ವರ್‌ಗೆ, ಅಲ್ಲಿಂದ ಬಾಟ್‌ಗೆ ಹೋಗುತ್ತದೆ. ಬಾಟ್‌ಗೆ ಐಪಿ ಸಿಗೋದಿಲ್ಲ. ಆದರೆ ಖಾತೆಯ ಐಡಿ, ಹೆಸರು ಸಿಗುತ್ತವೆ. @gif ಟೆಲಿಗ್ರಾಮ್‌ನದೇ ಬಾಟ್, ಸರಿ. ಯಾರೋ ಮಾಡಿದ ಬೇರೆ ಬಾಟ್ ಬಳಸಿದರೆ ಹೆಸರು, ಪದ ಎರಡೂ ಒಟ್ಟಿಗೆ ಅವರ ಕೈಗೆ ಹೋದಂತೆ. ಇದು ನನಗೆ ಐಪಿಗಿಂತ ಹೆಚ್ಚು ಚಿಂತೆಯ ವಿಷಯ.

ನನಗೆ ಮೆಚ್ಚುಗೆಯಾಗಿದ್ದು ಸಿಗ್ನಲ್. ಅದೂ ಜಿಫಿಯನ್ನೇ ಕೇಳುತ್ತದೆ, ಆದರೆ ಸಂಪರ್ಕ ಸಿಗ್ನಲ್‌ನ ಪ್ರಾಕ್ಸಿ, ಅಂದರೆ ನಡುವೆ ನಿಂತು ದಾಟಿಸುವ ಸರ್ವರ್ ಮೂಲಕ ಸಾಗುತ್ತದೆ. ಗೂಢಲಿಪಿ ಫೋನ್‌ನಿಂದ ಜಿಫಿವರೆಗೆ ಒಂದೇ ಸಮ ಇರುವುದರಿಂದ ಪ್ರಾಕ್ಸಿಗೆ ಪದ ಕಾಣೋದಿಲ್ಲ. ಜಿಫಿಗೆ ಪದ ಕಾಣುತ್ತದೆ, ಐಪಿ ಮಾತ್ರ ಪ್ರಾಕ್ಸಿಯದ್ದು. ಫೈಲ್ ಎಷ್ಟು ದೊಡ್ಡದು ಅನ್ನೋದರಿಂದಲೂ ಯಾವ ಜಿಫ್ ಅಂತ ಪ್ರಾಕ್ಸಿ ಊಹಿಸಬಹುದಲ್ವಾ? ಅದಕ್ಕೂ ಯೋಚನೆ ಮಾಡಿದ್ದಾರೆ: ಫೈಲನ್ನು ಒಂದರ ಮೇಲೊಂದು ಬೀಳುವ ತುಂಡುಗಳಲ್ಲಿ ತರಿಸಿ ನಿಜವಾದ ಅಳತೆಯನ್ನು ಮರೆಮಾಡುತ್ತಾರೆ. ಇಷ್ಟಾದರೂ ಹುಡುಕುವ ಜಾಗದಲ್ಲಿ ನಮ್ಮ ಹೆಸರನ್ನೇ ಬರೆದರೆ ಪ್ರಾಕ್ಸಿ ಏನೂ ಮಾಡಲಾರದು.

ಸ್ಟಿಕರ್‌ಗಳ ಕಥೆಯೇ ಬೇರೆ. ಪ್ಯಾಕ್ ಒಮ್ಮೆ ಇಳಿಸಿಕೊಂಡರೆ, ಅದರಿಂದ ಒಂದನ್ನು ಆರಿಸಿ ಕಳಿಸಲು ಜಿಫಿಯನ್ನಾಗಲಿ ಟೆನರ್‌ನ್ನಾಗಲಿ ಕೇಳಬೇಕಿಲ್ಲ. ಸಿಗ್ನಲ್‌ನ ಪ್ಯಾಕ್ ಗೂಢಲಿಪಿಯಲ್ಲಿರುತ್ತದೆ; ಅದನ್ನು ಬಿಡಿಸುವ ಕೀಲಿ pack_key ಲಿಂಕ್‌ನಲ್ಲಿ ಇರೋದು # ಆದ ಮೇಲೆ. ಬ್ರೌಸರ್ ಆ ಭಾಗವನ್ನು ಸರ್ವರ್‌ಗೆ ಕಳಿಸೋದೇ ಇಲ್ಲ, ಹಾಗಾಗಿ ಪ್ಯಾಕ್ ಇಟ್ಟುಕೊಂಡ ಸರ್ವರ್‌ಗೂ ಒಳಗಿನ ಚಿತ್ರ ಗೊತ್ತಿಲ್ಲ. ಆರೋಗ್ಯ, ಮನೆಯ ವಿಚಾರ ಬಂದಾಗ ನಾನೀಗ ಸ್ಟಿಕರ್ ಕಳಿಸುತ್ತೇನೆ. ಜಿಫ್ ಬೇಕೇ ಬೇಕು ಅಂದರೆ ಸಿಗ್ನಲ್‌ನಲ್ಲಿ ಮಾತ್ರ ಹುಡುಕುತ್ತೇನೆ.