ಟೂರ್ಬಿಯಾನ್ ಗಡಿಯಾರ: ಕೆಲವು ವರ್ಷ ಕೈಗೆ ಕಟ್ಟಿದ ಮೇಲೆ

ಚೀನಾದಲ್ಲಿ ತಯಾರಾದ, ಕೀ ಕೊಡುವ ಟೂರ್ಬಿಯಾನ್ ಕೈಗಡಿಯಾರವನ್ನು ದಾವಣಗೆರೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನೋಡಿದವರೆಲ್ಲ ಕೇಳುವುದು ಒಂದೇ: ಇದು ಟೈಮ್ ಸರಿ ತೋರಿಸುತ್ತಾ?

ಪ್ಯಾರಿಸ್‌ನ ಗಡಿಯಾರ ತಯಾರಕ ಬ್ರೆಗೆ 1801ರಲ್ಲಿ ಟೂರ್ಬಿಯಾನ್‌ಗೆ ಪೇಟೆಂಟ್ ಪಡೆದಾಗ ಗಡಿಯಾರಗಳು ಜೇಬಿನಲ್ಲಿ ದಿನವಿಡೀ ನೆಟ್ಟಗೆ ನಿಂತೇ ಇರುತ್ತಿದ್ದವು. ಅತ್ತಿತ್ತ ತೂಗಿ ಓಟದ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ಒಂದು ಕಡೆ ಕೂದಲೆಳೆಯಷ್ಟು ತೂಕ ಹೆಚ್ಚಿದ್ದರೂ, ನೆಟ್ಟಗೆ ನಿಂತ ಗಡಿಯಾರದಲ್ಲಿ ಗುರುತ್ವ ಅದನ್ನು ಒಂದೇ ದಿಕ್ಕಿಗೆ ಎಳೆದು ಓಟ ಕೆಡಿಸುತ್ತದೆ. ಬ್ರೆಗೆ ಆ ಚಕ್ರವನ್ನೂ, ಸ್ಪ್ರಿಂಗಿನ ಶಕ್ತಿಯನ್ನು ಟಿಕ್ ಟಿಕ್ ಎಂದು ಹಂತ ಹಂತವಾಗಿ ಬಿಡುವ ಎಸ್ಕೇಪ್‌ಮೆಂಟನ್ನೂ ಒಂದು ಪಂಜರದಲ್ಲಿಟ್ಟು, ಪಂಜರವೇ ಸುತ್ತುವಂತೆ ಮಾಡಿದರು. ಇಂದಿನ ಬಹುತೇಕ ಟೂರ್ಬಿಯಾನ್‌ಗಳಲ್ಲಿ ಅದು ನಿಮಿಷಕ್ಕೊಂದು ಸುತ್ತು.

ಒಂದು ಲೆಕ್ಕ ನೋಡಿ. ಸಾಮಾನ್ಯ ಗಡಿಯಾರವೊಂದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದಾಗ ದಿನಕ್ಕೆ +14, +2, −10, +6 ಸೆಕೆಂಡ್ ವ್ಯತ್ಯಾಸ ಬರುತ್ತದೆ ಅಂದುಕೊಳ್ಳಿ. ರಾತ್ರಿ ಯಾವ ಕಡೆ ನಿಲ್ಲಿಸಿದಿರೋ ಆ ತಪ್ಪು ಬೆಳಗಿನವರೆಗೂ ಬೆಳೆಯುತ್ತದೆ. ಟೂರ್ಬಿಯಾನ್‌ನಲ್ಲಿ ಚಕ್ರ ಪ್ರತಿ ನಿಮಿಷ ನಾಲ್ಕೂ ದಿಕ್ಕು ಹಾದುಹೋಗುವುದರಿಂದ, ಹೇಗೆ ನಿಲ್ಲಿಸಿದರೂ ಉಳಿಯುವುದು ಸರಾಸರಿ +3. ಆ ಮೂರನ್ನು ರೆಗ್ಯುಲೇಟ್ ಮಾಡಿ ತೆಗೆಯಬಹುದು.

ಆದರೆ ಗಡಿಯಾರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಪಂಜರ ಸುತ್ತಿಯೂ ಪ್ರಯೋಜನವಿಲ್ಲ, ಗುರುತ್ವ ಸುತ್ತುವ ಅಕ್ಷದ ಗುಂಟವೇ ಎಳೆಯುತ್ತದೆ. ಮೇನ್ ಸ್ಪ್ರಿಂಗ್ ಸಡಿಲವಾದಾಗಲೋ ಎಣ್ಣೆ ಒಣಗಿದಾಗಲೋ ಕೆಡುವ ಓಟವನ್ನೂ ಇದು ತಿದ್ದುವುದಿಲ್ಲ. ಕೈಯಲ್ಲಂತೂ ಗಡಿಯಾರ ತಾನೇ ದಿಕ್ಕು ಬದಲಿಸುತ್ತಿರುತ್ತದೆ, ಹಾಗಾಗಿ ಲಾಭ ಇನ್ನೂ ಕಡಿಮೆ. ಚೆನ್ನಾಗಿ ಹೊಂದಿಸಿದ ಹಳೆಯ ಎಚ್‌ಎಂಟಿ ಜನತಾ ಇದಕ್ಕೆ ಸರಿಸಾಟಿಯಾಗಿ ಓಡಬಲ್ಲದು, ಸಾಧಾರಣ ಕ್ವಾರ್ಟ್ಸ್ ಎರಡನ್ನೂ ಸೋಲಿಸುತ್ತದೆ.

ಹಾಗಾದರೆ ದುಡ್ಡು ಯಾತಕ್ಕೆ? ಪಂಜರಕ್ಕೆ. ಒಂದು ಗ್ರಾಮಿಗಿಂತ ಕಡಿಮೆ ತೂಕದೊಳಗೆ ಹತ್ತಾರು ಬಿಡಿಭಾಗಗಳು. ಪ್ರತಿ ಟಿಕ್‌ಗೂ ಇಡೀ ಪಂಜರ ನಿಂತು ಮತ್ತೆ ಹೊರಡಬೇಕು, ಸೆಕೆಂಡಿಗೆ ಆರು ಸಲ ಬಡಿಯುವ ಗಡಿಯಾರದಲ್ಲಿ ಸೆಕೆಂಡಿಗೆ ಆರು ಸಲ. ತುಸು ಭಾರವಾದರೂ ಸ್ಪ್ರಿಂಗಿನ ಶಕ್ತಿ ಅದಕ್ಕೇ ಹೋಗಿ ಬ್ಯಾಲೆನ್ಸ್‌ನ ತೂಗಾಟ ಸೊರಗುತ್ತದೆ. ಪಂಜರವೂ ಸಮತೂಕದಲ್ಲಿರಬೇಕು. ಸ್ವಿಸ್ ಗಡಿಯಾರಗಳಲ್ಲಿ ಇದರ ಜೊತೆಗೆ ಅಂಚುಗಳನ್ನು ಕೈಯಿಂದ ತೀಡಿ ಹೊಳಪು ಕೊಡುತ್ತಾರೆ, ಬೆಲೆ ಲಕ್ಷಗಳಿಗೆ ಏರುವುದು ಬಹುಪಾಲು ಆ ಕೈಕೆಲಸದಿಂದ. ದುಬಾರಿ ಗಡಿಯಾರಗಳ ಇತರ ಕರಾಮತ್ತುಗಳಾದ, ಗಂಟೆ ಬಾರಿಸುವ ಮಿನಿಟ್ ರಿಪೀಟರ್, 2100ರವರೆಗೆ ತಾರೀಖು ತಿದ್ದದ ಪರ್ಪೆಚುವಲ್ ಕ್ಯಾಲೆಂಡರ್ ಅಂತೂ ನಿಖರತೆಗೆ ಏನನ್ನೂ ಸೇರಿಸುವುದಿಲ್ಲ.

ಸರ್ವಿಸ್ ಇದರ ಕಷ್ಟದ ಭಾಗ. ಮಂಡಿಪೇಟೆ ಕಡೆಯ ನನ್ನ ಪರಿಚಯದ ರಿಪೇರಿಯವರು, "ಪಂಜರ ಬಿಚ್ಚಾಕೆ ಹೋಗಂಗಿಲ್ಲ ಸರ, ಪಿವಟ್ ಮುರಿದ್ರೆ ಪಾರ್ಟ್ ಸಿಗಂಗಿಲ್ಲ" ಅಂದರು. ಅವರು ಹೇಳಿದ್ದು ನ್ಯಾಯ. ಓಟ ಅಳೆಯುವ ಯಂತ್ರವಾದ ಟೈಮ್‌ಗ್ರಾಫರಿಗೆ ಇಟ್ಟರೆ ಮಾತ್ರ ಸರಾಸರಿ ತೆಗೆಯುವ ಅವಧಿಯನ್ನು 60 ಸೆಕೆಂಡಿಗೆ ಹಾಕಲು ಹೇಳಿ. ನೆಟ್ಟಗೆ ನಿಲ್ಲಿಸಿ ಅಳೆಯುವಾಗ ಯಂತ್ರ ಬರೆಯುವ ಗೆರೆ ನಿಮಿಷಕ್ಕೊಮ್ಮೆ ಅಲೆಯಂತೆ ಏರಿಳಿಯುತ್ತದೆ, ಅವಧಿ ಕಡಿಮೆಯಿದ್ದರೆ ಗಡಿಯಾರ ಕೆಟ್ಟಿದೆ ಅನ್ನಿಸಿಬಿಡುತ್ತದೆ.

ನಾನು ಸ್ಕೂಟರ್ ಮೇಲೆ ಹೋಗುವಾಗ ಇದನ್ನು ಕಟ್ಟುವುದಿಲ್ಲ. ಆ ಪಂಜರ ಸುತ್ತುವುದನ್ನು ನೋಡುವ ಆಸೆಗೆ ಕೊಳ್ಳುವವರಿಗೆ ಐದಕ್ಕೆ ನಾಲ್ಕು ಸ್ಟಾರ್, ನಿಖರತೆಗಾಗಿ ಹುಡುಕುವವರಿಗೆ ಎರಡು.