ಎರಡು ಕಂಬ, ಎರಡು ಫೋಟೊ, ನಲವತ್ತು ಚುಕ್ಕಿ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕೊಯ್ಲಿನ ದಿನಗಳಲ್ಲಿ ಆಲ್ದೂರು, ಮೂಡಿಗೆರೆ ಕಡೆಯಿಂದ ಮೂಟೆ ಹೊತ್ತು ಬರುವ ವಾಹನಗಳು ಗೇಟಿನಲ್ಲಿ ಸಾಲುಗಟ್ಟುತ್ತವೆ. ಮುಂಚೆ ನಮ್ಮ ಕ್ರಮ ಹೀಗಿತ್ತು: ಮೊದಲು ತೂಕ, ಆಮೇಲೆ ಇಳಿಸುವುದು, ಕೊನೆಗೆ ತೇವಾಂಶ ಪರೀಕ್ಷೆ. ತೇವಾಂಶ ಹೆಚ್ಚಿದ್ದರೆ ಇಳಿಸಿದ ಮೂಟೆಗಳನ್ನೇ ಮತ್ತೆ ಏರಿಸಬೇಕಿತ್ತು. ಕಳೆದ ಕೊಯ್ಲಿನಲ್ಲಿ ಈ ಕ್ರಮ ಬದಲಿಸಿ, ವಾಹನ ಸಾಲಿನಲ್ಲಿರುವಾಗಲೇ ಮಾದರಿ ತೆಗೆದು ಪರೀಕ್ಷಿಸತೊಡಗಿದೆವು. ಗೇಟು ಹೊಕ್ಕ ಹೊತ್ತಿನಿಂದ ರಸೀದಿ ಕೈಗೆ ಬರುವವರೆಗಿನ ನಿಮಿಷಗಳನ್ನು ಬದಲಾವಣೆಗೆ ಮುಂಚೆ ಇಪ್ಪತ್ತು ದಿನ, ನಂತರ ಇಪ್ಪತ್ತು ದಿನ ಬರೆದಿಟ್ಟಿದ್ದೆ. ಅದನ್ನು ಮಾಲೀಕರಿಗೆ ಒಂದೇ ಚಿತ್ರದಲ್ಲಿ ತೋರಿಸಬೇಕಿತ್ತು. ಮೂರು ಬಗೆಯಲ್ಲಿ ಮಾಡಿ ನೋಡಿದೆ.

ಮೊದಲನೆಯದು ಸ್ತಂಭ ನಕ್ಷೆ. ಮುಂಚಿನ ಸರಾಸರಿ 95 ನಿಮಿಷ, ನಂತರದ್ದು 64. ಹಾಳೆಯಲ್ಲಿ ಜಾಗ ಉಳಿಸಲು ಲಂಬ ಅಕ್ಷವನ್ನು 50ರಿಂದ ಶುರುಮಾಡಿದ್ದೆ. ಮಾಲೀಕರು ಒಂದು ಕ್ಷಣ ನೋಡಿ, ‘ಮೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿಯಿತೇ? ಹಾಗಿದ್ದರೆ ಗೇಟಿನಲ್ಲಿ ಆ ಸಾಲು ಏಕೆ ಇನ್ನೂ ನಿಂತಿದೆ?’ ಎಂದರು. ತಪ್ಪು ನನ್ನದೇ. ಕಣ್ಣು ಕಂಬದ ಎತ್ತರವನ್ನು ಅಳೆಯುತ್ತದೆ, ಪಕ್ಕದ ಅಂಕಿಗಳನ್ನು ಓದುವುದಿಲ್ಲ. 50ರ ಮೇಲೆ ಒಂದು ಕಂಬ 45 ನಿಮಿಷದಷ್ಟು, ಇನ್ನೊಂದು 14ರಷ್ಟು ಎದ್ದಿದ್ದವು. ಕಡಿಮೆಯಾದದ್ದು ಮೂರನೇ ಒಂದು ಭಾಗ, ಉಳಿದದ್ದೇ ಮೂರನೇ ಒಂದು ಭಾಗ ಎಂಬಂತೆ ಕಂಡಿತು. ಅಕ್ಷವನ್ನು ಸೊನ್ನೆಗೆ ಇಳಿಸಿದ ಮೇಲೆ ನಕ್ಷೆ ಪ್ರಾಮಾಣಿಕವಾಯಿತು, ಆದರೆ ಮೂಕವೂ ಆಯಿತು. ಕಾಯುವ ಹೊತ್ತು ಬದಲಾವಣೆಯ ದಿನವೇ ಇಳಿಯಿತೇ, ಮೊದಲಿನಿಂದಲೇ ಇಳಿಯುತ್ತಿತ್ತೇ, ಎಲ್ಲ ದಿನವೂ ಹಾಗೆಯೇ ಇತ್ತೇ ಎಂಬುದಕ್ಕೆ ಎರಡು ಕಂಬಗಳಲ್ಲಿ ಉತ್ತರವಿರಲಿಲ್ಲ.

ಎರಡನೆಯದು ಅಂಗಳದ ಎರಡು ಫೋಟೊಗಳು, ಅಕ್ಕಪಕ್ಕ. ನೋಡಿದವರೆಲ್ಲ ತಲೆದೂಗಿದರು. ಆದರೆ ಮೊದಲ ಫೋಟೊ ಸೋಮವಾರ ಬೆಳಗಿನದು, ಎರಡನೆಯದು ಗುರುವಾರ ಊಟದ ಹೊತ್ತಿನದು. ಖಾಲಿ ಅಂಗಳ ಬೇಕೆಂದರೆ ಯಾವ ವರ್ಷ ಬೇಕಾದರೂ ಸಿಗುತ್ತದೆ. ಅದನ್ನು ಕೈಬಿಟ್ಟೆ.

ಮೂರನೆಯದೇ ಈಗ ನಾನು ಬಳಸುವುದು. ಅಡ್ಡ ಅಕ್ಷದಲ್ಲಿ ದಿನಗಳು, ಲಂಬ ಅಕ್ಷದಲ್ಲಿ ನಿಮಿಷ, ದಿನಕ್ಕೊಂದು ಚುಕ್ಕಿ, ಚುಕ್ಕಿಗಳನ್ನು ಸೇರಿಸುವ ತೆಳು ಗೆರೆ. ಕ್ರಮ ಬದಲಿಸಿದ ದಿನ ಒಂದು ನೆಟ್ಟನೆಯ ಗೆರೆ. ಮುಂಚಿನ ಇಪ್ಪತ್ತು ದಿನಗಳ ಮಧ್ಯಾಂಕ, ಅಂದರೆ ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು, 92 ನಿಮಿಷ. ಅದನ್ನು ಅಡ್ಡಲಾಗಿ ಎಳೆದು, ಬದಲಾವಣೆಯ ಗೆರೆ ದಾಟಿಸಿ ಬಲತುದಿಯವರೆಗೂ ಒಯ್ದೆ. ಈ ನಕ್ಷೆಯ ಜೀವವೆಲ್ಲ ಆ ಮುಂದುವರಿದ ಗೆರೆಯಲ್ಲಿದೆ: ಏನೂ ಬದಲಿಸದೆ ಇದ್ದಿದ್ದರೆ ಚುಕ್ಕಿಗಳು ಅದರ ಮೇಲೂ ಕೆಳಗೂ ಬೀಳುತ್ತಿದ್ದವು. ಸರಾಸರಿಯ ಬದಲು ಮಧ್ಯಾಂಕ ಏಕೆಂದರೆ, ಒಂದು ಕೆಟ್ಟ ದಿನ ಅದನ್ನು ಎಳೆದಾಡಲಾರದು.

ಚಿತ್ರ ಮುಗಿದಾಗ ನನಗೇ ಹೊಸ ಸಂಗತಿಗಳು ಕಂಡವು. ಮೊದಲ ನಾಲ್ಕು ದಿನ ಏನೂ ಇಳಿದಿರಲಿಲ್ಲ; ಹುಡುಗರು ಹೊಸ ಕ್ರಮ ಕಲಿಯುತ್ತಿದ್ದರು. ಆಮೇಲೆ ನಾಲ್ಕು ಚುಕ್ಕಿಗಳು 50ರ ಆಸುಪಾಸಿಗೆ ಬಂದವು. ಒಂಬತ್ತನೆಯ ದಿನ ಒಂದೇ ಸಲ 140! ಅಂದು ತೇವಾಂಶ ಮೀಟರಿನ ಬ್ಯಾಟರಿ ಸತ್ತು, ಹೊಸದು ತರಲು ಪೇಟೆಗೆ ಹೋದವನು ಮಧ್ಯಾಹ್ನಕ್ಕೆ ಮರಳಿದ್ದ. ಅಲ್ಲಿಂದ ಹನ್ನೊಂದು ದಿನ ಸತತವಾಗಿ ಚುಕ್ಕಿಗಳು ಗೆರೆಯ ಕೆಳಗೇ ಇದ್ದವು.

ಇಂತಹ ನಕ್ಷೆ ಓದುವವರಲ್ಲಿ ಒಂದು ರೂಢಿಯಿದೆ: ಸತತ ಆರು ಅಥವಾ ಹೆಚ್ಚು ಚುಕ್ಕಿಗಳು ಮಧ್ಯಾಂಕದ ಒಂದೇ ಬದಿಗಿದ್ದರೆ ಅದನ್ನು ನಿಜವಾದ ಬದಲಾವಣೆಯೆಂದು ಎಣಿಸುತ್ತಾರೆ. ನಾಣ್ಯ ಚಿಮ್ಮಿ ನೋಡಿ. ಹೇಳಿದ ಮುಖವೇ ಸತತ ಆರು ಸಲ ಬೀಳುವುದು ಅರವತ್ತನಾಲ್ಕರಲ್ಲಿ ಒಂದು ಸಲ. ನಮ್ಮಲ್ಲಿ ಹನ್ನೊಂದಿದ್ದವು, ಹಿಗ್ಗಿದೆ.

ತೂಕದ ಕೋಣೆಯ ಹಿರಿಯ ರೈಟರ್ ಹಿಗ್ಗಲಿಲ್ಲ. ‘ಕೊನೆಯ ಐದು ದಿನ ಎಷ್ಟು ಗಾಡಿ ಬಂದಿದ್ದವು, ಅದನ್ನೂ ಬರೆಯಿರಿ ಸ್ವಾಮಿ’ ಎಂದರು. ಪುಸ್ತಕ ತೆಗೆದು ನೋಡಿದರೆ ಅರೇಬಿಕಾ ಮುಗಿಯುತ್ತ ಬಂದು ಗಾಡಿಗಳು ಅರ್ಧಕ್ಕೆ ಇಳಿದಿದ್ದವು. ಗಾಡಿಯೇ ಇಲ್ಲದ ದಿನ ಯಾವ ಕ್ರಮದಲ್ಲಿ ಮಾಡಿದರೂ ಕೆಲಸ ಬೇಗ ಮುಗಿಯುತ್ತದೆ. ಪ್ರತಿ ದಿನದ ಕೆಳಗೆ ಗಾಡಿಗಳ ಸಂಖ್ಯೆಯನ್ನು ಸಣ್ಣದಾಗಿ ಬರೆದು, ಆ ಐದು ಚುಕ್ಕಿಗಳನ್ನು ಟೊಳ್ಳು ಬಿಟ್ಟು, ಲೆಕ್ಕದಿಂದ ಹೊರಗಿಟ್ಟೆ. ಉಳಿದವು ಆರು. ಸರಿಯಾಗಿ ಆರು.

ಕಂಬಗಳಲ್ಲಿ ಇದನ್ನು ಅಡಗಿಸುವುದು ಸುಲಭವಿತ್ತು. ಹಾಗೆಂದು ಚುಕ್ಕಿ ನಕ್ಷೆ ಎಲ್ಲೆಡೆಗೂ ಹೊಂದುವುದಿಲ್ಲ. ಮುಂಚಿನ ಲೆಕ್ಕ ನಾಲ್ಕೈದು ದಿನದ್ದೇ ಇದ್ದರೆ ಮಧ್ಯಾಂಕದ ಗೆರೆಗೆ ಆಧಾರವಿರುವುದಿಲ್ಲ. ಅಂಥಲ್ಲಿ ಸೊನ್ನೆಯಿಂದ ಶುರುವಾಗುವ ಕಂಬಗಳನ್ನೇ ಹಾಕಿ, ದಿನಗಳೆಷ್ಟು ಎಂದು ಕೆಳಗೆ ಬರೆದುಬಿಡುತ್ತೇನೆ.

ಮಾಲೀಕರ ಕಣ್ಣು ಹೋಗಿ ನಿಂತದ್ದು 140ರ ಚುಕ್ಕಿಯ ಮೇಲೆ. ಅಂದು ಸಂಜೆಯೇ ಮೀಟರಿನ ಪೆಟ್ಟಿಗೆಯಲ್ಲಿ ಎರಡು ಜೋಡಿ ಬ್ಯಾಟರಿ ಬಂದು ಕುಳಿತವು.